ದೇವನಹಳ್ಳಿಯ ಮಗು, ಶ್ರೀರಂಗಪಟ್ಟಣದ ಸುಲ್ತಾನ: ಗ್ರಂಥಪಾಲಕರಿಗೆ ಕೇಳಬೇಕಾದ ಪ್ರಶ್ನೆ

ದೇವನಹಳ್ಳಿಯ ಪದವಿ ವಿದ್ಯಾರ್ಥಿಯೊಬ್ಬ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಿಗೆ ಒಂದು ಇಮೇಲ್ ಬರೆಯುತ್ತಾನೆ ಎಂದಿಟ್ಟುಕೊಳ್ಳೋಣ. "ಸ್ವಾತಂತ್ರ್ಯ ಹೋರಾಟಗಾರ ಟಿಪ್ಪು ಸುಲ್ತಾನನ ಬಾಲ್ಯದ ಬಗ್ಗೆ ಅತ್ಯಂತ ನಂಬಲರ್ಹವಾದ ಜೀವನಚರಿತ್ರೆ ಯಾವುದು, ದಯವಿಟ್ಟು ತಿಳಿಸಿ" ಎಂದು ಅದರಲ್ಲಿದೆ. ವಾಕ್ಯ ಒಂದೇ ಆದರೂ ಅದರೊಳಗೆ ಎರಡು ಊಹೆಗಳಿವೆ. ಟಿಪ್ಪುವನ್ನು ಏನೆಂದು ಕರೆಯಬೇಕು ಎಂಬುದು ಆಗಲೇ ತೀರ್ಮಾನವಾಗಿದೆ ಎನ್ನುವುದು ಒಂದು. ಇಡೀ ಜೀವನಕ್ಕೆ ಒಳ್ಳೆಯದಾದ ಪುಸ್ತಕ ಬಾಲ್ಯಕ್ಕೂ ಒಳ್ಳೆಯದಾಗಿರುತ್ತದೆ ಎನ್ನುವುದು ಇನ್ನೊಂದು. ಮೊದಲನೆಯ ಊಹೆಯ ಸುತ್ತ ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಜಗಳ ನಡೆದಿದೆ. 2015ರಲ್ಲಿ ಸರ್ಕಾರ ನವೆಂಬರ್ 10ರಂದು ಟಿಪ್ಪು ಜಯಂತಿ ಆಚರಿಸಲು ತೊಡಗಿತು, 2019ರ ಜುಲೈಯಲ್ಲಿ ಮುಂದಿನ ಸರ್ಕಾರ ಅದನ್ನು ಕೈಬಿಟ್ಟಿತು. ಇಂದು ನಾನು ಮಾತಾಡುವುದು ಎರಡನೆಯ ಊಹೆಯ ಬಗ್ಗೆ. ಟಿಪ್ಪುವಿನ ಮೊದಲ ಹದಿನಾರು ಹದಿನೇಳು ವರ್ಷಗಳ ಮಟ್ಟಿಗೆ ನಂಬಬಹುದಾದ ಪುಸ್ತಕವೆಂದರೆ ಅತಿ ಕಡಿಮೆ ಹೇಳುವ ಪುಸ್ತಕ ಎಂಬುದು ನನ್ನ ವಾದ. ಯಾವುದು ಕಡಿಮೆ ಹೇಳುತ್ತದೆ, ಏಕೆ ಹೇಳುತ್ತದೆ ಎಂಬುದನ್ನು ಪತ್ತೆ ಮಾಡುವ ದಾರಿ ಗ್ರಂಥಾಲಯದ ಕಪಾಟಿನಲ್ಲಿಯೇ ಇದೆ.

ಮೊದಲು ಕಾಲದ ಅಂತರವನ್ನು ನೋಡೋಣ. ಟಿಪ್ಪು ಹುಟ್ಟಿದಾಗ ಅವನ ತಂದೆ ಹೈದರ್ ಅಲಿ ಮೈಸೂರು ಸಂಸ್ಥಾನದ ಸೈನ್ಯದಲ್ಲಿ ಆಗತಾನೇ ಹೆಸರು ಮಾಡಿದ್ದ ಒಬ್ಬ ಕುದುರೆ ಸವಾರ. 1749ರಲ್ಲಿ ನಂಜರಾಜಯ್ಯ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಹೈದರನ ಧೈರ್ಯ ಮೇಲಿನವರ ಕಣ್ಣಿಗೆ ಬಿತ್ತು, ಸಣ್ಣದೊಂದು ದಳದ ನಾಯಕತ್ವ ಕೈಗೆ ಬಂತು. ಆ ಹಂತದ ಸೈನಿಕನೊಬ್ಬನ ಮನೆಯಲ್ಲಿ ಗಂಡುಮಗು ಹುಟ್ಟಿದ್ದನ್ನು ಯಾವ ಆಸ್ಥಾನದ ಲೇಖಕ ಬರೆದಿಡುತ್ತಾನೆ? ಹೈದರ್ ರಾಜ್ಯದ ಒಡೆಯನಾದದ್ದು ಅದಕ್ಕೆ ಹತ್ತು ವರ್ಷಕ್ಕೂ ಮೇಲೆ. ಆದ್ದರಿಂದ ಟಿಪ್ಪುವಿನ ಎಳೆತನದ ಬಗ್ಗೆ ನಮ್ಮ ಕೈಯಲ್ಲಿರುವುದೆಲ್ಲ ಅವನು ದೊಡ್ಡವನಾದ ಮೇಲೆ, ಹೆಚ್ಚಿನದು ಅವನು 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಸತ್ತ ಮೇಲೆ, ಹಿಂದಿರುಗಿ ನೋಡಿ ಬರೆದದ್ದು. ಟಿಪ್ಪು ತಾನೇ ಬರೆದಿಟ್ಟ ಕಾಗದಗಳೂ ಇಲ್ಲಿ ನೆರವಿಗೆ ಬರುವುದಿಲ್ಲ. ಅವನ ಕೈಬರಹದ ಕನಸುಗಳ ಪುಸ್ತಕ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಗಿರೀಶ್ ಕಾರ್ನಾಡರ ನಾಟಕದಿಂದ ಕನ್ನಡಿಗರಿಗೆ ಅದರ ಪರಿಚಯವೂ ಇದೆ. ಆದರೆ ಅದರಲ್ಲಿರುವ ಕನಸುಗಳು 1785ರಿಂದ ಈಚಿನವು. ಬಾಲ್ಯವನ್ನು ನೆನೆದು ಬರೆಯುವ ಅಭ್ಯಾಸ ಆ ಸುಲ್ತಾನನಿಗೆ ಇದ್ದಂತೆ ಕಾಣುವುದಿಲ್ಲ.

ಹಾಗಾದರೆ ಎಲ್ಲ ಜೀವನಚರಿತ್ರೆಗಳ ಮೊದಲ ಅಧ್ಯಾಯ ಎಲ್ಲಿಂದ ಬಂತು? ಅದರ ದೊಡ್ಡ ಪಾಲು ಬಂದದ್ದು ಇಬ್ಬರಿಂದ. ಒಬ್ಬ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ. ಹೈದರ್ ಮತ್ತು ಟಿಪ್ಪು ಇಬ್ಬರ ಸೇವೆಯಲ್ಲೂ ಇದ್ದವನು. ಇವನ ಪರ್ಷಿಯನ್ ಗ್ರಂಥ 'ನಿಶಾನ್-ಇ-ಹೈದರಿ' ಮುಗಿದದ್ದು 1802ರಲ್ಲಿ, ಟಿಪ್ಪು ಹುಟ್ಟಿದ ಅರ್ಧ ಶತಮಾನದ ನಂತರ, ಅದೂ ಇಂಗ್ಲಿಷರ ಆಶ್ರಯದಲ್ಲಿ. ಇನ್ನೊಬ್ಬ ಮಾರ್ಕ್ ವಿಲ್ಕ್ಸ್. ಕಂಪನಿಯ ಸೈನ್ಯಾಧಿಕಾರಿಯಾಗಿ, ಆಮೇಲೆ ಮೈಸೂರಿನ ರೆಸಿಡೆಂಟ್ ಆಗಿ ಕೆಲಸ ಮಾಡಿದ ಈತ ದಕ್ಷಿಣ ಭಾರತದ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದ. ಮೊದಲನೆಯದು ಹೊರಬಂದದ್ದು 1810ರಲ್ಲಿ, ಉಳಿದವು 1817ರಲ್ಲಿ. ಕಿರ್ಮಾನಿಗೆ ಹಳೆಯ ಒಡೆಯನ ಮೇಲೆ ಗೌರವ, ವಿಲ್ಕ್ಸ್‌ಗೆ ಸೋತ ಶತ್ರುವಿನ ಮೇಲೆ ತಿರಸ್ಕಾರ. ಆದರೂ ಬಾಲ್ಯದ ಮಟ್ಟಿಗೆ ಇಬ್ಬರ ತೊಡಕೂ ಒಂದೇ ಬಗೆಯದು. ಹುಡುಗ ಮುಂದೆ ಏನಾದ ಎಂಬುದು ಗೊತ್ತಿದ್ದೇ ಇಬ್ಬರೂ ಬರೆದರು.

ಇದು ಬರವಣಿಗೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಫಕೀರನ ಕಥೆಯನ್ನು ನೋಡಿ. ಹುಡುಗ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಆಡುತ್ತಿದ್ದಾಗ ಅಲ್ಲಿಗೆ ಬಂದ ಫಕೀರನೊಬ್ಬ, ನೀನು ಮುಂದೆ ಈ ನಾಡಿನ ದೊರೆಯಾಗುತ್ತೀಯೆ, ಆಗ ಇದೇ ಜಾಗದಲ್ಲಿ ಮಸೀದಿ ಕಟ್ಟಿಸು ಎಂದು ಹೇಳಿದನಂತೆ. ಬಹುತೇಕ ಜನಪ್ರಿಯ ಪುಸ್ತಕಗಳು ಇದನ್ನು 'ಬಾಲ್ಯ' ಎಂಬ ತಲೆಬರಹದ ಕೆಳಗೆ ಹಾಕುತ್ತವೆ. ಕಿರ್ಮಾನಿ ಅದನ್ನು ಹೇಳುವುದು ಅಲ್ಲಲ್ಲ. ಟಿಪ್ಪು ಸುಲ್ತಾನನಾದ ಮೇಲೆ, 1780ರ ದಶಕದಲ್ಲಿ, ಶ್ರೀರಂಗಪಟ್ಟಣದ ಬೆಂಗಳೂರು ಬಾಗಿಲ ಬಳಿ ದೊಡ್ಡ ಮಸೀದಿ ಕಟ್ಟಿಸಿದ ಪ್ರಸಂಗ ಬಂದಾಗ, ಅದಕ್ಕೆ ಕಾರಣವಾಗಿ ಹೇಳುತ್ತಾನೆ. ಅಂದರೆ ಈ ಕಥೆ ವಿವರಿಸಲು ಹೊರಟದ್ದು ಒಂದು ಕಟ್ಟಡವನ್ನು. ಬಾಲಕ ಅದರೊಳಗೆ ಬಂದದ್ದು ಆ ಕಟ್ಟಡದ ಅಗತ್ಯಕ್ಕೆ. ಕಥೆ ಪೂರ್ತಿ ಸುಳ್ಳು ಎಂದು ಇದರಿಂದ ಸಾಬೀತಾಗುವುದಿಲ್ಲ, ಟಿಪ್ಪು ತಾನೇ ಹಾಗೆ ಹೇಳಿಕೊಂಡಿದ್ದರೂ ಇರಬಹುದು. ಆದರೆ ಅದು 1780ರ ದಶಕದ ಸುಲ್ತಾನನ ಬಗ್ಗೆ ಸಾಕ್ಷ್ಯ, 1760ರ ಹುಡುಗನ ಬಗ್ಗೆ ಅಲ್ಲ. ಜೀವನಚರಿತ್ರೆಕಾರ ಅದನ್ನು ಮಸೀದಿಯ ಅಧ್ಯಾಯದಿಂದ ಕಿತ್ತು ಬಾಲ್ಯದ ಅಧ್ಯಾಯದಲ್ಲಿ ನೆಟ್ಟ ಗಳಿಗೆಯಲ್ಲಿ ಓದುಗನಿಗೆ ಆ ವ್ಯತ್ಯಾಸ ಕಾಣದಂತಾಗುತ್ತದೆ.

ಕಿರ್ಮಾನಿಯನ್ನು ನೇರವಾಗಿ ನೋಡಬೇಕೆಂದು ಹೊರಡುವ ವಿದ್ಯಾರ್ಥಿ ಇನ್ನೊಂದು ಕಡೆ ದಾರಿ ತಪ್ಪುತ್ತಾನೆ, ಅಲ್ಲಿ ಗ್ರಂಥಪಾಲಕರ ನೆರವು ನಿಜವಾಗಿ ಬೇಕು. ಕರ್ನಲ್ ಮೈಲ್ಸ್ ಈ ಗ್ರಂಥವನ್ನು ಇಂಗ್ಲಿಷಿಗೆ ತಂದಾಗ ಅದು ಎರಡು ಬೇರೆ ಪುಸ್ತಕಗಳಾಗಿ ಅಚ್ಚಾಯಿತು: 1842ರಲ್ಲಿ ಹೈದರ್ ನಾಯಕನ ಚರಿತ್ರೆ, 1864ರಲ್ಲಿ ಟಿಪ್ಪುವಿನ ಆಳ್ವಿಕೆಯ ಚರಿತ್ರೆ. ಟಿಪ್ಪುವಿನ ಬಾಲ್ಯ ಬೇಕೆಂದು ಹೋದವನ ಕೈ ಸಹಜವಾಗಿ ಎರಡನೆಯದಕ್ಕೆ ಹೋಗುತ್ತದೆ. ಅದು ಆರಂಭವಾಗುವುದೇ ಹೈದರ್ ಸತ್ತು ಟಿಪ್ಪು ಪಟ್ಟಕ್ಕೆ ಬರುವ ಹೊತ್ತಿಗೆ, ಆಗ ಟಿಪ್ಪುವಿಗೆ ಮೂವತ್ತು ದಾಟಿತ್ತು. ಅವನ ಎಳೆತನ ಮತ್ತು ತಾರುಣ್ಯದ ಘಟನೆಗಳೆಲ್ಲ ತಂದೆಯ ಹೆಸರಿನ ಪುಸ್ತಕದಲ್ಲಿ, ತಂದೆಯ ಯುದ್ಧಗಳ ನಡುವೆ ಚೆದುರಿವೆ. ಕ್ಯಾಟಲಾಗಿನಲ್ಲಿ 'ಟಿಪ್ಪು' ಎಂದು ಹುಡುಕಿದರೆ ಆ ಪುಸ್ತಕ ಸಿಗದೆಯೂ ಹೋಗಬಹುದು.

ಇದರಿಂದಾಗಿಯೇ ಟಿಪ್ಪುವಿನ ಜೀವನಚರಿತ್ರೆಗಳ ಮೊದಲ ಅಧ್ಯಾಯದಲ್ಲಿ ಟಿಪ್ಪು ಇರುವುದು ಅಪರೂಪ. ಪುಟ ತುಂಬಿಸಲು ತಂದೆಯ ಬಾಲ್ಯವನ್ನು ಕರೆತರುತ್ತಾರೆ. ನಮ್ಮ ಜಿಲ್ಲೆಯವರಿಗೆ ಅದರಲ್ಲಿ ದೊಡ್ಡಬಳ್ಳಾಪುರದ ಪ್ರಸಂಗ ಚೆನ್ನಾಗಿ ಗೊತ್ತು. ಹೈದರನ ತಂದೆ ಫತೇ ಮಹಮ್ಮದ್ ಯುದ್ಧದಲ್ಲಿ ಸತ್ತ ಮೇಲೆ, ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಖುಲಿ ಖಾನ್ ಆ ಮನೆಯ ಸೊತ್ತನ್ನೆಲ್ಲ ಕಿತ್ತುಕೊಂಡು, ಎಳೆಯ ಹೈದರನನ್ನೂ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ಕೂಡಿಸಿ ಹಿಂಸಿಸಿ ಹಣ ವಸೂಲು ಮಾಡಿದನೆಂದು ಹೇಳುತ್ತಾರೆ. 1761ರಲ್ಲಿ ಹೈದರ್ ದೊಡ್ಡಬಳ್ಳಾಪುರವನ್ನು ಗೆದ್ದಾಗ ಅಬ್ಬಾಸ್ ಖುಲಿ ಓಡಿಹೋದ. ಇಲ್ಲಿ ಗಮನಿಸಬೇಕಾದದ್ದು, ಕೊನೆಯ ಸಂಗತಿ ಯುದ್ಧದ ಚರಿತ್ರೆಗೆ ಸೇರಿದ್ದು, ಅದಕ್ಕೆ ಬೇರೆ ಆಧಾರಗಳಿವೆ. ನಗಾರಿಯ ಕಥೆ ಆ ಯುದ್ಧಕ್ಕೆ ಸೇಡಿನ ಕಾರಣ ಒದಗಿಸುತ್ತದೆ. ಮಸೀದಿಗೆ ಫಕೀರ ಹೇಗೋ ದೊಡ್ಡಬಳ್ಳಾಪುರಕ್ಕೆ ನಗಾರಿ ಹಾಗೆ. ನಡೆದಿರಬಹುದು, ನಡೆಯುವಂಥದ್ದೂ ಹೌದು. ಆದರೆ ಒಂದು ಪುಸ್ತಕ ಅದನ್ನು ಹೇಳಿ ಅಲ್ಲಿಂದ ನೇರವಾಗಿ 'ಈ ನೋವೇ ಮಗನ ರಕ್ತಕ್ಕೂ ಹರಿಯಿತು' ಎಂಬ ತೀರ್ಮಾನಕ್ಕೆ ಜಿಗಿದರೆ, ಆ ಪುಸ್ತಕವನ್ನು ಬಾಲ್ಯದ ವಿಷಯದಲ್ಲಿ ಬದಿಗಿಡಬಹುದು.

ಇನ್ನು ಹುಟ್ಟಿದ ದಿನ. ಇಲ್ಲಿ ಪುಸ್ತಕಗಳ ನಡುವಿನ ಜಗಳವನ್ನು ಪರೀಕ್ಷಿಸಲು ಒಂದು ಸಾಧನ ನಮ್ಮ ಕೈಯಲ್ಲೇ ಇದೆ. ಚರಿತ್ರೆಕಾರ ಮೊಹಿಬ್ಬುಲ್ ಹಸನ್ ಮುಂತಾದವರು ಕೊಡುವ ದಿನ 1750ರ ನವೆಂಬರ್ 20, ಶುಕ್ರವಾರ. ಹಿಜರಿ ಲೆಕ್ಕದಲ್ಲಿ 1163ನೆಯ ವರ್ಷದ ಜಿಲ್‌ಹಿಜ್ಜಾ ತಿಂಗಳ 20. ಬೇರೆ ಪುಸ್ತಕಗಳಲ್ಲಿ 1751 ಎಂದೂ ಕಾಣುತ್ತದೆ. ಸರ್ಕಾರ ಆರಿಸಿಕೊಂಡದ್ದು ನವೆಂಬರ್ 10. ಮೊದಲು ಹಿಜರಿ ದಿನವನ್ನು ಪರಿವರ್ತಿಸಿ ನೋಡೋಣ. ಹಿಜರಿ 1164 ಆರಂಭವಾದದ್ದು ಈಗಿನ ಪಂಚಾಂಗದ ಪ್ರಕಾರ 1750ರ ನವೆಂಬರ್ 30ರಂದು. ಅದರ ಹಿಂದಿನ ತಿಂಗಳಿಗೆ 29 ದಿನವಾದರೆ, ಆ ತಿಂಗಳ 20ನೆಯ ದಿನ ಬರುವುದು ನವೆಂಬರ್ 20ಕ್ಕೆ. ವಾರ ಎಣಿಸಿದರೆ ಅದು ಶುಕ್ರವಾರವೇ. ಹಿಜರಿ ದಿನ, ಇಂಗ್ಲಿಷ್ ದಿನ, ವಾರ ಮೂರೂ ಒಂದಕ್ಕೊಂದು ಹೊಂದುತ್ತವೆ. ಈಗ ಒಂದು ವರ್ಷ ಮುಂದಕ್ಕೆ ಹೋಗೋಣ. ಹಿಜರಿ ವರ್ಷ ನಮ್ಮದಕ್ಕಿಂತ ಹತ್ತು ಹನ್ನೊಂದು ದಿನ ಕಿರಿದು. ಹಾಗಾಗಿ 1164ರ ಜಿಲ್‌ಹಿಜ್ಜಾ 20 ಬರುವುದು 1751ರ ನವೆಂಬರ್ 9ಕ್ಕೆ ಅಥವಾ 10ಕ್ಕೆ. ಚಂದ್ರದರ್ಶನದಿಂದ ಒಂದು ದಿನ ಆಚೀಚೆ ಆಗುತ್ತದೆ. ಅಂದರೆ ನವೆಂಬರ್ 20 ಮತ್ತು ನವೆಂಬರ್ 10 ಎರಡೂ ಒಂದೇ ಹಿಜರಿ ದಿನದಿಂದ, ವರ್ಷವನ್ನು ಒಂದು ಹೆಚ್ಚು ಕಡಿಮೆ ಮಾಡಿದ್ದರಿಂದ ಹುಟ್ಟಿರಬಹುದು. 1751ರ ನವೆಂಬರ್ 9 ಮತ್ತು 10 ಮಂಗಳವಾರ ಮತ್ತು ಬುಧವಾರ, ಶುಕ್ರವಾರದ ಹತ್ತಿರಕ್ಕೂ ಬರುವುದಿಲ್ಲ. ಆಗಿನ ಮದರಾಸಿನ ಇಂಗ್ಲಿಷರು 1752ರವರೆಗೆ ಹಳೆಯ ಪಂಚಾಂಗವನ್ನೇ ಬಳಸುತ್ತಿದ್ದರು, ಅವರ ಲೆಕ್ಕದಲ್ಲಿ 1750ರ ಆ ಶುಕ್ರವಾರ ನವೆಂಬರ್ 9 ಆಗುತ್ತಿತ್ತು. ಗೊಂದಲಕ್ಕೆ ಅದೂ ಒಂದು ದಾರಿ.

ಇಷ್ಟಾದ ಮೇಲೆ 1750 ಗೆದ್ದಿತು ಎಂದು ಚಪ್ಪಾಳೆ ತಟ್ಟುವ ಮೊದಲು ಒಂದು ಪ್ರಶ್ನೆ ಉಳಿಯುತ್ತದೆ. 'ಶುಕ್ರವಾರ' ಎಂಬ ಮಾತು ಹಳೆಯ ಪರ್ಷಿಯನ್ ಮೂಲದಲ್ಲಿಯೇ ಇದೆಯೆ, ಅಥವಾ ಈಚಿನ ಚರಿತ್ರೆಕಾರರು ಪರಿವರ್ತನೆಯ ಕೋಷ್ಟಕ ನೋಡಿ ಸೇರಿಸಿದ್ದೆ? ಮೂಲದಲ್ಲಿದ್ದರೆ ಅದು ಬಲವಾದ ಸಾಕ್ಷಿ, ಏಕೆಂದರೆ ಸುಮ್ಮನೆ ಊಹಿಸಿ ಬರೆದವನಿಗೆ ವಾರ ಹೊಂದುವ ಸಂಭವ ಏಳರಲ್ಲಿ ಒಂದು. ಕೋಷ್ಟಕದಿಂದ ಬಂದಿದ್ದರೆ ಮೂರು ಹೊಂದಿದ್ದಕ್ಕೆ ಅರ್ಥವಿಲ್ಲ. ಒಂದೇ ಅಂಕಿ ಮೂರು ವೇಷ ಹಾಕಿ ಬಂದಂತಾಯಿತು. ಜೀವನಚರಿತ್ರೆಯ ವಿಶ್ವಾಸಾರ್ಹತೆ ನಿರ್ಧಾರವಾಗುವುದು ಇಂಥ ಕಡೆ. ಆ ಶುಕ್ರವಾರಕ್ಕೆ ಅಡಿಟಿಪ್ಪಣಿ ಕೊಟ್ಟು, ಇಂಥ ಹಸ್ತಪ್ರತಿ, ಇಂಥ ಹಾಳೆ ಎಂದು ತೋರಿಸುವ ಪುಸ್ತಕವನ್ನು ಪರೀಕ್ಷಿಸಲು ಸಾಧ್ಯ. ದಿನ, ವಾರ, ನಕ್ಷತ್ರವೆಲ್ಲ ಕೊಟ್ಟು ಟಿಪ್ಪಣಿ ಕೊಡದ ಪುಸ್ತಕ ಎಷ್ಟೇ ನಿಖರವಾಗಿ ಕಂಡರೂ ಪರೀಕ್ಷೆಗೆ ಸಿಗುವುದಿಲ್ಲ.

ಹೀಗೆ ಜರಡಿ ಹಿಡಿದರೆ ಉಳಿಯುವುದೇನು? ನಿರೀಕ್ಷೆಗಿಂತ ಕಡಿಮೆ, ಆದರೆ ಗಟ್ಟಿಯಾದದ್ದು. ದೇವನಹಳ್ಳಿಯಲ್ಲಿ ಜನನ ಎಂಬುದನ್ನು ಟಿಪ್ಪುವಿನ ಅಭಿಮಾನಿಗಳೂ ವಿರೋಧಿಗಳೂ ಪ್ರಶ್ನಿಸಿಲ್ಲ. ತಾಯಿ ಫಕ್ರುನ್ನಿಸಾ, ಕಡಪದ ಕೋಟೆಯ ಅಧಿಕಾರಿಯಾಗಿದ್ದ ಮೀರ್ ಮುಯಿನುದ್ದೀನನ ಮಗಳು. ಮಗುವಿಗೆ ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾನ ಹೆಸರು, ಜೊತೆಗೆ ಅಜ್ಜನ ನೆನಪಿನ ಫತೇ ಅಲಿ ಎಂಬ ಹೆಸರು. ಅದಾದ ಮೇಲೆ ಹತ್ತು ವರ್ಷ ಬಹುಮಟ್ಟಿಗೆ ಖಾಲಿ. 1760ರ ಆಗಸ್ಟಿನಲ್ಲಿ ಹೈದರನ ಸ್ವಂತ ದಿವಾನ ಖಂಡೇರಾವ್ ಅರಮನೆಯ ಜೊತೆ ಸೇರಿ ತಿರುಗಿಬಿದ್ದ. ಹೈದರ್ ರಾತ್ರೋರಾತ್ರಿ ಶ್ರೀರಂಗಪಟ್ಟಣ ಬಿಟ್ಟು ಆನೇಕಲ್ಲು, ಬೆಂಗಳೂರುಗಳ ಕಡೆಗೆ ಓಡಿದ. ಹೆಂಡತಿ ಮಕ್ಕಳು ಕೋಟೆಯಲ್ಲೇ ಉಳಿದರು, ಇನ್ನೂ ಹತ್ತು ತುಂಬದ ಟಿಪ್ಪುವೂ. ಮುಂದಿನ ವರ್ಷ ಹೈದರ್ ಗೆದ್ದು ಬರುವವರೆಗೆ ಆ ಹುಡುಗ ಶತ್ರುಗಳ ಕೈಯಲ್ಲಿ ಒತ್ತೆಯಾಳಿನಂತೆ ಇದ್ದ. ಇದು ರಾಜ್ಯದ ದೊಡ್ಡ ಘಟನೆಗೆ ಅಂಟಿಕೊಂಡಿರುವುದರಿಂದ ಬೇರೆ ಬೇರೆ ಮೂಲಗಳಿಂದ ಬೆಂಬಲ ಸಿಗುತ್ತದೆ. ಆಮೇಲೆ ಸೇನಾಶಿಕ್ಷಣ ಕೊಟ್ಟ ಗಾಜಿ ಖಾನ್, 1767ರಲ್ಲಿ ಮೊದಲನೆಯ ಮೈಸೂರು ಯುದ್ಧದ ಹೊತ್ತಿಗೆ ಮದರಾಸಿನ ಹೊರವಲಯದವರೆಗೆ ನುಗ್ಗಿದ ಕುದುರೆ ದಳದ ನಾಯಕತ್ವ. ಅಲ್ಲಿಂದ ಮುಂದೆ ಇಂಗ್ಲಿಷರ ಕಾಗದಗಳೂ ಮಾತಾಡಲು ತೊಡಗುತ್ತವೆ, ಬಾಲ್ಯ ಮುಗಿಯುತ್ತದೆ.

ಈ ಅಳತೆಗೋಲಿನಿಂದ ಈಗ ಪುಸ್ತಕಗಳನ್ನು ನೋಡಬಹುದು. ಮೊಹಿಬ್ಬುಲ್ ಹಸನರ 'ಟಿಪ್ಪು ಸುಲ್ತಾನನ ಚರಿತ್ರೆ' 1951ರಲ್ಲಿ ಬಂತು, 1971ರಲ್ಲಿ ಪರಿಷ್ಕೃತವಾಯಿತು. ಅವರಿಗೆ ಟಿಪ್ಪುವಿನ ಮೇಲೆ ಒಲವಿದೆ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಪರ್ಷಿಯನ್ ಮೂಲಗಳನ್ನು ನೇರವಾಗಿ ಓದಿದ್ದಾರೆ, ಮಾತಿಗೆ ಮಾತಿಗೆ ಟಿಪ್ಪಣಿ ಕೊಡುತ್ತಾರೆ, ಬಾಲ್ಯವನ್ನು ಕೆಲವೇ ಪುಟಗಳಲ್ಲಿ ಮುಗಿಸುತ್ತಾರೆ. ಕೇಟ್ ಬ್ರಿಟಲ್‌ಬ್ಯಾಂಕ್ 1997ರಲ್ಲಿ ಟಿಪ್ಪು ತನ್ನ ಅಧಿಕಾರಕ್ಕೆ ಮಾನ್ಯತೆ ಗಳಿಸಿಕೊಂಡ ಬಗೆಯ ಮೇಲೆ ಬರೆದರು, 2016ರಲ್ಲಿ ಒಂದು ಸಣ್ಣ ಜೀವನಚರಿತ್ರೆ ಕೊಟ್ಟರು. ಸಂತರ, ಕನಸುಗಳ, ಭವಿಷ್ಯವಾಣಿಗಳ ಕಥೆಗಳು ಆ ಕಾಲದ ಆಸ್ಥಾನದಲ್ಲಿ ಏನು ಕೆಲಸ ಮಾಡುತ್ತಿದ್ದವು ಎಂಬುದನ್ನು ತಿಳಿಯಲು ಅವರ ಮೊದಲ ಪುಸ್ತಕಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಡೆನಿಸ್ ಫಾರೆಸ್ಟ್ (1970), ನಮ್ಮವರೇ ಆದ ಬಿ. ಷೇಖ್ ಅಲಿ (1982), ಟಿಪ್ಪುವನ್ನು ಕಟುವಾಗಿ ನೋಡುವ ಈಚಿನ ವಿಕ್ರಂ ಸಂಪತ್ (2024) ಮುಂತಾದವರೆಲ್ಲರ ಬಲ ಇರುವುದು ಆಳ್ವಿಕೆಯ ಭಾಗದಲ್ಲಿ. ಭಗವಾನ್ ಗಿದ್ವಾನಿಯವರ 1976ರ 'ದಿ ಸೋರ್ಡ್ ಆಫ್ ಟಿಪ್ಪು ಸುಲ್ತಾನ್' ಬಾಲ್ಯವನ್ನು ಕಣ್ಣಿಗೆ ಕಟ್ಟುವಂತೆ ವಿವರಿಸುತ್ತದೆ, 1990ರ ದೂರದರ್ಶನ ಧಾರಾವಾಹಿ ಅದನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಅದು ಕಾದಂಬರಿ. ಕಾದಂಬರಿಯಾಗಿ ಅದಕ್ಕೆ ಆ ಹಕ್ಕಿದೆ. ಕಪಾಟಿನಲ್ಲಿ ಅದು ಚರಿತ್ರೆಯ ಸಾಲಿನಲ್ಲಿ ಕೂತಿದ್ದರೆ ತಪ್ಪು ಕೂರಿಸಿದವರದು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ನಿಜವಾಗಿ ತೂಕದ್ದು. ಕಿರ್ಮಾನಿ ಇಂಗ್ಲಿಷರ ಆಶ್ರಿತ, ವಿಲ್ಕ್ಸ್ ಇಂಗ್ಲಿಷರ ಅಧಿಕಾರಿ. ಇವರ ಕಾಗದವನ್ನು ನಂಬಿ ಊರಿನ ಜನರ ಬಾಯಿಮಾತನ್ನು ಏಕೆ ಬಿಡಬೇಕು ಎಂದು ಕೇಳುವವರಿದ್ದಾರೆ. ಬಿಡಬೇಕಾಗಿಲ್ಲ. ಬಾಯಿಮಾತು ಜಾಗಗಳ ವಿಷಯದಲ್ಲಿ ಗಟ್ಟಿ. ದೇವನಹಳ್ಳಿ ಕೋಟೆಯ ಹತ್ತಿರ ಟಿಪ್ಪು ಹುಟ್ಟಿದ ಜಾಗವೆಂದು ತೋರಿಸುವ ಕಂಬಗಳ ಸಣ್ಣ ಸ್ಮಾರಕಕ್ಕೆ ಆಧಾರವಾದ ನೆನಪನ್ನು ಯಾವ ಪುಸ್ತಕವೂ ಅಲ್ಲಗಳೆದಿಲ್ಲ. ಆದರೆ ಅದೇ ಬಾಯಿಮಾತು ಸಂಭಾಷಣೆಗಳನ್ನು, ವಯಸ್ಸುಗಳನ್ನು, ಶಕುನಗಳನ್ನು ಹೇಳತೊಡಗಿದರೆ, ಎರಡೂವರೆ ಶತಮಾನದಲ್ಲಿ ಅದರೊಳಗೆ ಪಠ್ಯಪುಸ್ತಕವೂ ಧಾರಾವಾಹಿಯೂ ಸೇರಿಕೊಂಡಿಲ್ಲ ಎಂದು ಹೇಳುವುದು ಹೇಗೆ? ಇನ್ನು ಬಾಲ್ಯವನ್ನೇ ಖಾಲಿ ಬಿಟ್ಟರೆ ವಿದ್ಯಾರ್ಥಿಗೆ ಬರೆಯಲು ಏನುಳಿಯುತ್ತದೆ ಎನ್ನುವವರಿಗೆ, ಮೇಲೆ ಹೇಳಿದ ಖಂಡೇರಾವ್ ಪ್ರಸಂಗವೊಂದನ್ನೇ ಸರಿಯಾಗಿ ಬರೆದರೆ ಹತ್ತು ಪುಟವಾಗುತ್ತದೆ ಎಂದಷ್ಟೇ ಹೇಳಬಲ್ಲೆ. ಟಿಪ್ಪು ಸತ್ತದ್ದು ರಾಷ್ಟ್ರೀಯ ಚಳವಳಿ ಹುಟ್ಟುವ ಮೊದಲೇ, ಆದ್ದರಿಂದ ಸ್ವಾತಂತ್ರ್ಯ ಹೋರಾಟಗಾರ ಎಂಬ ಹಣೆಪಟ್ಟಿಯೇ ತಪ್ಪು ಎನ್ನುವ ಮೂರನೆಯ ಆಕ್ಷೇಪ ಬಾಲ್ಯಕ್ಕೆ ಸಂಬಂಧಿಸಿದ್ದಲ್ಲ. ಆದರೆ ಆ ಹಣೆಪಟ್ಟಿಯೂ ಅದರ ವಿರುದ್ಧದ ಹಣೆಪಟ್ಟಿಯೂ ಬಾಲ್ಯವನ್ನು ಹಾಳುಮಾಡುತ್ತವೆ ಎಂಬುದು ನಿಜ. ಹುತಾತ್ಮನನ್ನು ಹುಡುಕುವವರಿಗೆ ತೊಟ್ಟಿಲಲ್ಲೇ ತೇಜಸ್ಸು ಕಾಣುತ್ತದೆ, ಕ್ರೂರಿಯನ್ನು ಹುಡುಕುವವರಿಗೆ ಆಟದಲ್ಲೇ ಹಿಂಸೆ ಕಾಣುತ್ತದೆ.

ಆದ್ದರಿಂದ ಆ ವಿದ್ಯಾರ್ಥಿಯ ಇಮೇಲನ್ನು ತಿದ್ದಬೇಕು. 'ಅತ್ಯಂತ ನಂಬಲರ್ಹ ಯಾವುದು' ಎಂದು ಕೇಳಿದರೆ ಗ್ರಂಥಪಾಲಕರು ಪಾಪ, ಹೆಚ್ಚು ಎರವಲು ಹೋಗುವ ಪುಸ್ತಕದ ಹೆಸರು ಹೇಳಿ ಸುಮ್ಮನಾಗಬೇಕಾಗುತ್ತದೆ. ಅದರ ಬದಲು, '1750ರಿಂದ 1767ರವರೆಗಿನ ಟಿಪ್ಪುವಿನ ಬಗ್ಗೆ ಓದುತ್ತಿದ್ದೇನೆ. ಮೊಹಿಬ್ಬುಲ್ ಹಸನರ 1971ರ ಆವೃತ್ತಿ ಇದೆಯೆ, ಇಲ್ಲದಿದ್ದರೆ 1951ರದ್ದು ಸಿಗುತ್ತದೆಯೆ. ಮೈಲ್ಸ್ ಅನುವಾದದ 1842ರ ಹೈದರ್ ಸಂಪುಟವೂ ಬೇಕು, 1864ರದ್ದು ಮಾತ್ರ ಸಾಲದು. ಜನನದ ದಿನ ಮತ್ತು ವಾರಕ್ಕೆ ಹಸನರು ಕೊಟ್ಟಿರುವ ಪರ್ಷಿಯನ್ ಆಧಾರದ ಪುಟದ ಪ್ರತಿಯನ್ನು, ಅದನ್ನು ಓದಿ ಹೇಳಬಲ್ಲ ಪರ್ಷಿಯನ್ ಅಥವಾ ಉರ್ದು ವಿಭಾಗದ ಅಧ್ಯಾಪಕರ ಹೆಸರನ್ನು ತಿಳಿಸಲು ಸಾಧ್ಯವೆ' ಎಂದು ಬರೆಯಲಿ. ಇಂಥ ಇಮೇಲಿಗೆ ಗ್ರಂಥಪಾಲಕರು ಉತ್ತರ ಹುಡುಕಬಲ್ಲರು, ಏಕೆಂದರೆ ಅದರಲ್ಲಿ ಕೇಳಿರುವುದು ಅಭಿಪ್ರಾಯವನ್ನಲ್ಲ, ಕಪಾಟಿನಲ್ಲಿ ಇರುವ ಅಥವಾ ಬೇರೆ ಗ್ರಂಥಾಲಯದಿಂದ ತರಿಸಬಹುದಾದ ವಸ್ತುಗಳನ್ನು. ಪುಸ್ತಕಗಳು ಬಂದ ಮೇಲೆ ಅವನು ಮೊದಲು ತೆರೆಯಬೇಕಾದದ್ದು ಶುಕ್ರವಾರದ ಆ ಅಡಿಟಿಪ್ಪಣಿಯನ್ನು.